ಖಾಲಿ ಗಾಡಿಯ ಮೂಸಕುಂಞಿ

ಪುತ್ತೂರು ಪೇಟೆಯಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಮೂಸಕುಂಞಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಎತ್ತುಗಳ ಮೇಲೆ ಅವನು ಸಿಟ್ಟು ಮಾಡಿದ್ದನ್ನು ಯಾರೂ ಕಂಡಿಲ್ಲ. ಏರಿನಲ್ಲಿ ಎತ್ತು ನಿಂತರೆ ಇಳಿದು ತಾನೇ ಚಕ್ರಕ್ಕೆ ಹೆಗಲು ಕೊಡುವವನು ಅವನು. ಅವನ ಸಿಟ್ಟೆಲ್ಲ ಮನುಷ್ಯರ ಮೇಲೆ, ಅದರಲ್ಲೂ ‘ಬರ್ತದೆ’, ‘ಸಿಗ್ತದೆ’, ‘ಆಗ್ತದೆ, ನೋಡುವ’ ಎನ್ನುವವರ ಮೇಲೆ. ಈ ಮೂರು ಮಾತು ಕಿವಿಗೆ ಬಿದ್ದರೆ ಸಾಕು, ಅವನ ಮುಖ ಕೆಂಡವಾಗುತ್ತಿತ್ತು.

ಅದಕ್ಕೆ ಕಾರಣವಿತ್ತು. ಅವನು ಇನ್ನೂ ಮದುವೆಯಾಗದಿದ್ದಾಗ ತಾಯಿ ರುಖಿಯಮ್ಮನಿಗೆ ಜೋರು ಜ್ವರ ಬಂತು. ಮದ್ದು ಕೊಡುವ ಪಂಡಿತರನ್ನು ಕರೆತರಲು ನೆರೆಮನೆಯವನೊಬ್ಬ ಹೋದ. ಹೋದವನು ಬಂದು, ‘ಬರ್ತಾರೆ’ ಅಂದ. ಮನೆಯವರು ಆ ಒಂದು ಮಾತನ್ನು ನಂಬಿ ಬಾಗಿಲು ನೋಡುತ್ತ ಕೂತರು. ಆ ದಿನ ಕಳೆಯಿತು, ಮರುದಿನವೂ ಕಳೆಯಿತು. ಆಮೇಲೆ ತಿಳಿದದ್ದೇನೆಂದರೆ, ಪಂಡಿತರು ಸುಳ್ಯಕ್ಕೆ ಹೋಗಿದ್ದರು, ಈ ಮಹಾರಾಯ ಅವರ ಮನೆಯ ಬೇಲಿಯ ದಣಪೆಯ ಹೊರಗೇ ನಿಂತು ಆಳಿನ ಹತ್ತಿರ ಕೇಳಿ ಹಿಂದೆ ಬಂದಿದ್ದ. ಪಂಡಿತರು ಊರಲ್ಲಿಲ್ಲ ಎಂದು ಅವನು ಹೇಳಿದ್ದರೆ ಮೂಸಕುಂಞಿ ಅದೇ ಗಳಿಗೆಯಲ್ಲಿ ಗಾಡಿ ಕಟ್ಟಿ ತಾಯಿಯನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ. ಹೇಳಲಿಲ್ಲ. ರುಖಿಯಮ್ಮ ಉಳಿಯಲಿಲ್ಲ. ‘ನಿಮಗೆ ಬೇಜಾರಾಗುದು ಬೇಡ ಅಂತ ಹಾಗೆ ಹೇಳಿದ್ದು’ ಎಂದು ನೆರೆಯವನು ಕಣ್ಣೀರು ಹಾಕಿದ. ಆ ಕಣ್ಣೀರನ್ನು ಮೂಸಕುಂಞಿ ಸಾಯುವವರೆಗೂ ಕ್ಷಮಿಸಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ.

ಇಂಥವನು ಹೋಗಿ ಹೋಗಿ ಮೊಯ್ದಿನಬ್ಬ ಸಾಹುಕಾರರ ಅಂಗಡಿಗೆ ಗಾಡಿ ಕಟ್ಟುವ ಕೆಲಸಕ್ಕೆ ಬಿದ್ದ. ಸಾಹುಕಾರರದು ಒಣಮೀನು, ಉಪ್ಪು ಮತ್ತು ಗೇರುಬೀಜದ ವ್ಯಾಪಾರ. ಉಪ್ಪು, ಮೀನು ಇಲ್ಲಿಂದ ಹಳ್ಳಿಗೆ ಹೋಗಬೇಕು, ಗುಡ್ಡದ ಗೇರುಬೀಜ ಹಳ್ಳಿಯಿಂದ ಇಲ್ಲಿಗೆ ಬರಬೇಕು, ಇಲ್ಲಿಂದ ಮಂಗಳೂರಿನ ಕಾರ್ಖಾನೆಗೆ. ಸಾಹುಕಾರರು ಕೆಟ್ಟವರಲ್ಲ, ತೂಕದಲ್ಲಿ ಮೋಸ ಮಾಡಿದವರಲ್ಲ. ಆದರೆ ಅವರ ಅಂಗಡಿಯಲ್ಲಿ ಒಂದು ಶಾಸ್ತ್ರ ಇತ್ತು. ಅಲ್ಲಿ ಯಾರೂ ‘ಇಲ್ಲ’ ಅನ್ನಬಾರದು. ಉಪ್ಪು ಮುಗಿದಿದ್ದರೆ ಗಿರಾಕಿಗೆ ‘ತರಿಸ್ಬೇಕಷ್ಟೆ’ ಅನ್ನಬೇಕು. ಬೆಳಗ್ಗಿನ ಬೋಣಿ ಆಗುವ ಮೊದಲಂತೂ ‘ಇಲ್ಲ’, ‘ಖಾಲಿ’, ‘ಮುಗೀತು’ ಎಂಬ ಮಾತು ಬಾಯಿಯಿಂದ ಬಿದ್ದರೆ ಆ ದಿನದ ವ್ಯಾಪಾರ ಮುಳುಗಿದ ಹಾಗೆಯೇ ಎಂದು ಅವರು ನಂಬಿದ್ದರು. ಅಂಗಡಿ ಅಂದರೆ ಇಂಥದ್ದು ಇರುತ್ತದೆ, ಗಿರಾಕಿಗೆ ಹೇಳುವಾಗ ಅದು ಸರಿಯೂ ಹೌದು. ಆದರೆ ಮಾಲು ತರಲು ಹೋದ ಗಾಡಿಯವನು ಬಂದು ಸಾಹುಕಾರರಿಗೆ ವರದಿ ಒಪ್ಪಿಸುವಾಗಲೂ ಇದೇ ಶಾಸ್ತ್ರ ಮಾಡಿದರೆ ಹೇಗೆ?

ಇನ್ನೊಬ್ಬ ಗಾಡಿಯವನಾದ ಬೋಜನಿಗೆ ಈ ಶಾಸ್ತ್ರ ಬೆಲ್ಲದ ಹಾಗೆ ಸಿಹಿಯಾಗಿತ್ತು. ಮಾಲು ಸಿಗದೆ ಬರಿಗಾಡಿ ಹೊಡೆದುಕೊಂಡು ಬರುವಾಗ ಅವನು ಕಬಕದ ಹತ್ತಿರವೋ ಎಲ್ಲೋ ನಿಲ್ಲಿಸಿ ಗೋಣಿಗಳಿಗೆ ತರಗೆಲೆ ತುಂಬುತ್ತಿದ್ದ. ಪೇಟೆಯಲ್ಲಿ ಗಾಡಿ ತುಂಬಿದಂತೆ ಕಾಣಬೇಕಲ್ಲ! ಜಗಲಿ ಹತ್ತಿ, ಮುಂಡಾಸು ಬಿಚ್ಚಿ, ‘ಉಂಟು ಧಣಿಗಳೇ, ಮಾಲು ತಯಾರಾಗ್ತಾ ಉಂಟು, ಸಿಗ್ತದೆ’ ಅನ್ನುತ್ತಿದ್ದ. ಎಲ್ಲಿ ಉಂಟು, ಯಾವಾಗ ನೋಡಿದ, ನೋಡಿದನೋ ಇಲ್ಲವೋ ಎಂದು ಸಾಹುಕಾರರು ಕೇಳುತ್ತಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಆ ಬಾಯಿಮಾತನ್ನೇ ಹಿಡಿದು ಮಂಗಳೂರಿಗೆ ಮಾತು ಕೊಟ್ಟುಬಿಡುತ್ತಿದ್ದರು.

ಐವತ್ತೆಂಟನೆಯ ಇಸವಿಯ ಬೇಸಿಗೆ ಮುಗಿಯುತ್ತಿತ್ತು. ಮಳೆ ಕಾಲೂರುವ ಮೊದಲು ಗೇರುಬೀಜ ಬರಬೇಕು, ಒದ್ದೆಯಾದರೆ ಯಾರಿಗೂ ಬೇಡ. ಇಚಿಲಂಪಾಡಿಯಲ್ಲಿ ಸಾಹುಕಾರರಿಗೆ ಬೀಜ ಒಟ್ಟು ಮಾಡಿ ಕೊಡುವವನು ದೇವದಾಸ ಎಂಬ ಸಣ್ಣ ಅಂಗಡಿಯವನು. ಹಳ್ಳಿಯ ಹೆಂಗಸರು ಗುಡ್ಡದಲ್ಲಿ ಹೆಕ್ಕಿದ ಬೀಜವನ್ನು ಅವನಿಗೆ ಕೊಟ್ಟು ಉಪ್ಪು, ಮೀನು ಒಯ್ಯುತ್ತಿದ್ದರು. ಬೋಜ ಒಂದು ಸಲ ಆ ಕಡೆ ಹೋಗಿ ಬಂದು ‘ಅಲ್ಲಿ ಕೊಟ್ಟಿಗೆ ತುಂಬ ಮಾಲು ಉಂಟು’ ಅಂದಿದ್ದ. ಅದನ್ನು ತರಲು ಸಾಹುಕಾರರು ಮೂಸಕುಂಞಿಯನ್ನು ಕಳುಹಿಸಿದರು. ಶುಕ್ರವಾರ ಜುಮಾ ನಮಾಜು ಮುಗಿಸಿ ಹೊರಟವನು, ಭಾನುವಾರ ಬೆಳಿಗ್ಗೆ ಬರಿಗಾಡಿ ಲಟಲಟ ಎನ್ನಿಸುತ್ತ ಪೇಟೆಯ ನಡುವಿನಲ್ಲೇ ಬಂದ. ತರಗೆಲೆ ಗಿರಗೆಲೆ ಏನೂ ತುಂಬಲಿಲ್ಲ. ಗೋಣಿಗಳನ್ನು ಮಡಚಿ ಮೂಲೆಗೆ ಹಾಕಿದ್ದ.

ಅಂಗಡಿಯ ಜಗಲಿಯಲ್ಲಿ ನಾಲ್ಕು ಜನ ಇದ್ದರು, ಬೋಜನೂ ಇದ್ದ. ಬೋಣಿ ಆಗಿರಲಿಲ್ಲ.

“ಖಾಲಿ ಸಾವ್ಕಾರ್ರೆ. ಒಂದು ಬೀಜ ಇಲ್ಲ,” ಅಂದ ಮೂಸಕುಂಞಿ.

“ಬಾಯಿ ಮುಚ್ಚು!” ಸಾಹುಕಾರರು ತಕ್ಕಡಿ ಬಿಟ್ಟು ಎದ್ದರು. “ಬೋಣಿ ಆಗ್ಲಿಲ್ಲ ಇನ್ನು. ಹೇಳ್ಲಿಕ್ಕೆ ಒಂದು ಕ್ರಮ ಇಲ್ವಾ ನಿನಗೆ?”

“ಕ್ರಮದಲ್ಲೇ ಹೇಳ್ತೇನೆ, ಕೇಳಿ. ಶನಿವಾರ ಬೆಳಿಗ್ಗೆ, ಬಿಸಿಲು ಏರುವ ಮೊದ್ಲು, ನಾನು ದೇವದಾಸಣ್ಣನ ಅಂಗಳದಲ್ಲಿದ್ದೆ. ಅವರು ಇರ್ಲಿಲ್ಲ, ಹೊಳೆಯ ಆಚೆ ಸಿಕ್ಕಿಹಾಕಿಕೊಂಡಿದ್ರು. ಅವರ ಹೆಂಡತಿ ಮೋಹಿನಿಯಕ್ಕನ ಹತ್ರ ಕೊಟ್ಟಿಗೆ ಬಾಗಿಲು ತೆಗೆಸಿ, ಒಳಗೆ ಹೋಗಿ ಕಣ್ಣಾರೆ ನೋಡಿದೆ. ಬೀಜ ಇಲ್ಲ, ತುಂಬಿದ ಗೋಣಿ ಇಲ್ಲ. ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ್ದೂ ಇಲ್ಲ. ಬೇರೆಯವರ ಗಾಡಿ ಬಂದು ಹೋದ ಚಕ್ರದ ಗುರುತು ಹುಡುಕಿದೆ, ಅದೂ ಕಾಣ್ಲಿಲ್ಲ. ಇದು ನೋಡಿದ್ದು.”

“ಮತ್ತೆ?”

“ಮತ್ತೆ ನೋಡದ್ದೂ ಒಂದು ಉಂಟು. ಹೊಳೆಯ ಆಚೆ ಅವರ ತಮ್ಮ ಸಂಕಪ್ಪನ ಕೊಟ್ಟಿಗೆ. ಅಲ್ಲಿಯ ಬೀಜವೂ ದೋಣಿಯಲ್ಲಿ ಈಚೆಗೇ ಬರುದಂತೆ. ಘಟ್ಟದಲ್ಲಿ ಮಳೆ ಹೊಡೆದು ಹೊಳೆ ಕೆಂಪಾಗಿ ಏರಿತ್ತು, ದೋಣಿ ಕಟ್ಟಿ ಹಾಕಿದ್ರು. ಮಧ್ಯಾಹ್ನದವರೆಗೆ ದಡದಲ್ಲಿ ಕೂತೆ. ನೀರು ಇಳೀಲಿಲ್ಲ, ಹೊರಟು ಬಂದೆ. ಆಚೆ ಮಾಲು ಉಂಟಾ ಇಲ್ವಾ, ನನಗೆ ಗೊತ್ತಿಲ್ಲ.”

ಇದಕ್ಕಿಂತ ನೇರವಾಗಿ ಒಬ್ಬ ಮನುಷ್ಯ ಹೇಗೆ ಹೇಳಿಯಾನು? ಆದರೆ ನೇರ ಮಾತು ಕೇಳಿ ಅಭ್ಯಾಸ ಇಲ್ಲದ ಕಿವಿಗೆ ಅದು ಬೈಗುಳದ ಹಾಗೆ ಕೇಳಿಸುತ್ತದೆ. ಸಾಹುಕಾರರು ಬೋಜನ ಕಡೆ ತಿರುಗಿದರು. ಬೋಜ ನೆಲ ನೋಡುತ್ತ, “ನಾನು ಹೋದಾಗ ಉಂಟು ಅಂತ ಆಗಿತ್ತು ಧಣಿಗಳೇ,” ಅಂದ.

“ಕೇಳಿದ್ಯಾ? ಅವ ಉಂಟು ಅಂತಾನೆ, ನೀನು ಖಾಲಿ ಅಂತೀ. ಇಬ್ಬರಲ್ಲಿ ಒಬ್ಬ ಸುಳ್ಳ. ನೀನು ಇಚಿಲಂಪಾಡಿ ಮುಟ್ಟಲೇ ಇಲ್ಲ ಮೂಸ. ಉಪ್ಪಿನಂಗಡಿಯಲ್ಲಿ ನಿನ್ನ ತಂಗಿ ನೆಬೀಸಳ ಮನೆಯಲ್ಲಿ ಹೊಟ್ಟೆ ತುಂಬ ತಿಂದು ಮಲಗಿ ಬಂದದ್ದು ನೀನು!”

ಜಗಲಿಯಲ್ಲಿದ್ದವರು ನಕ್ಕರು. ಬೈಸಿಕೊಳ್ಳುವುದು ಮೂಸಕುಂಞಿಗೆ ಹೊಸತಲ್ಲ. ಆದರೆ ಗಾಡಿಯವನಿಗೆ ‘ಹೋಗದೆ ಹೋದೆ ಅಂದವ’ ಎಂಬ ಹೆಸರು ಬಂದರೆ ಕತೆ ಮುಗಿಯಿತು. ನಾಳೆ ಪೇಟೆಯಲ್ಲಿ ಯಾರು ಅವನ ಕೈಯಲ್ಲಿ ಒಂದು ಮೂಟೆ ಕೊಟ್ಟು ಕಳುಹಿಸುತ್ತಾರೆ? ಆ ಹೆಸರು ಹೊತ್ತುಕೊಂಡು ಹೆಂಡತಿ ಮೈಮೂನಮ್ಮನ ಮುಂದೆ, ಮಕ್ಕಳ ಮುಂದೆ ಹೇಗೆ ನಿಲ್ಲುವುದು?

“ಹಾಗಾದ್ರೆ ನೀವೇ ಬನ್ನಿ,” ಅಂದ. “ಎತ್ತಿಗೆ ಒಂದು ದಿನ ಸುಧಾರಿಸ್ಲಿಕ್ಕೆ ಬೇಕು. ನಾಳೆ ಸಂಜೆ ಹೊರಡುವ. ಮೋಹಿನಿಯಕ್ಕನ ಹತ್ರ ನೀವೇ ಕೇಳಿ, ನಾನು ಬಂದಿದ್ನಾ ಇಲ್ವಾ ಅಂತ.”

“ಬರ್ತೇನೆ! ನಿನ್ನ ಬಣ್ಣ ಬಯಲು ಮಾಡ್ಲಿಕ್ಕೆ ಬರ್ತೇನೆ,” ಅಂದರು ಸಾಹುಕಾರರು.

ಸೋಮವಾರ ಸಂಜೆ ಹೊರಟರು. ಸಾಹುಕಾರರು ಗಾಡಿಯೊಳಗೆ ಗೋಣಿಯ ಮೇಲೆ, ಮೂಸಕುಂಞಿ ಮುಂದೆ ಮೂಕಿಯ ಹತ್ತಿರ. ಉಪ್ಪಿನಂಗಡಿಯಲ್ಲಿ ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದಾಗ, ತಂಗಿಯ ಮನೆ ಕೂಗಳತೆಯಲ್ಲೇ ಇದ್ದರೂ ಅವನು ಆ ಕಡೆ ತಲೆ ಎತ್ತಿ ನೋಡಲಿಲ್ಲ. ಮಂಗಳವಾರ ಬೆಳಿಗ್ಗೆ ಇಚಿಲಂಪಾಡಿ ಮುಟ್ಟಿದರು. ದೇವದಾಸನ ಕೊಟ್ಟಿಗೆಯ ಬಾಗಿಲು ತೆರೆದೇ ಇತ್ತು. ಒಳಗೆ ಮಾಡಿನ ತೊಲೆಯವರೆಗೆ ಗೇರುಬೀಜದ ಗೋಣಿ ಅಟ್ಟಿ ಕಟ್ಟಿದ್ದರು.

ಸಾಹುಕಾರರು ಗಾಡಿಯಿಂದ ಹಾರಿದರು. ಒಂದು ಗೋಣಿಯ ಬಾಯಿ ಬಿಚ್ಚಿ, ಮುಷ್ಟಿ ತುಂಬ ಬೀಜ ತೆಗೆದು ಮೂಸಕುಂಞಿಯ ಮುಖದ ಹತ್ತಿರ ಹಿಡಿದರು.

“ಇದು ಎಂತ? ಹೇಳು, ಇದು ಎಂತ? ಕಣ್ಣಾರೆ ನೋಡಿದ್ನಂತೆ, ಕಣ್ಣಾರೆ! ನಿನ್ನ ಕಣ್ಣಿಗೆ ಎಂತ ಮಣ್ಣು ಬಿದ್ದಿತ್ತಾ?”

ಸದ್ದು ಕೇಳಿ ದೇವದಾಸ ಒಳಗಿನಿಂದ ಓಡಿ ಬಂದ, ಹಿಂದೆಯೇ ಮೋಹಿನಿ. ಮೂಸಕುಂಞಿ ದೇವದಾಸನ ಕಡೆ ತಿರುಗಿ ಕೇಳಿದ. “ದೇವದಾಸಣ್ಣ, ಈ ಮಾಲು ಈ ಕೊಟ್ಟಿಗೆಗೆ ಬಂದದ್ದು ಯಾವಾಗ?”

“ಭಾನುವಾರ ಸಂಜೆ,” ಅಂದ ದೇವದಾಸ. “ಮಧ್ಯಾಹ್ನ ಹೊಳೆ ಇಳೀತು. ಸಂಕಪ್ಪನ ಕೊಟ್ಟಿಗೆಯಲ್ಲಿದ್ದದ್ದನ್ನೆಲ್ಲ ದೋಣಿಯಲ್ಲಿ ದಾಟಿಸಿದೆವು. ಕತ್ತಲಾಗುವವರೆಗೆ ಹೊತ್ತದ್ದು ಮಾರಾಯ್ರೆ, ಬೆನ್ನು ಇನ್ನೂ ನೆಟ್ಟಗಾಗ್ಲಿಲ್ಲ.”

“ಈ ಬ್ಯಾರಿಗಳು ಶನಿವಾರ ಬಂದಿದ್ರಲ್ಲ,” ಅಂದಳು ಮೋಹಿನಿ, ಮೂಸಕುಂಞಿಯ ಕಡೆ ಕೈ ತೋರಿಸಿ. “ಬಾಗಿಲು ತೆಗೀರಿ ಅಂತ ಜೋರು ಮಾಡಿ ತೆಗೆಸಿದ್ರು. ಆಗ ಒಳಗೆ ಕಾವಿಗೆ ಕೂತ ಕೋಳಿ ಒಂದೇ ಇದ್ದದ್ದು. ಇವರು ಮೂಲೆ ಮೂಲೆ ಹುಡುಕಿದ್ದಕ್ಕೆ ಅದು ಎದ್ದು ಹೋಗಿದೆ, ಮತ್ತೆ ಕೂರ್ಲೇ ಇಲ್ಲ.”

ಮೂಸಕುಂಞಿ ಈಗ ಸಾಹುಕಾರರ ಕಡೆ ತಿರುಗಿದ. ಅವನ ಸಿಟ್ಟು ಆಗ ಬಾಯಿಗೆ ಬಂತು.

“ಕೇಳಿದ್ರಾ? ನಾನು ನಿಮ್ಮ ಜಗಲಿಯಲ್ಲಿ ಎಂತ ಹೇಳಿದ್ದು? ಶನಿವಾರ ಬೆಳಿಗ್ಗೆ ಅಂತ ಹೇಳಿದ್ದು. ಇವತ್ತು ಮಂಗಳವಾರ. ಶನಿವಾರ ಇಲ್ಲದ್ದು ಮಂಗಳವಾರವೂ ಇರ್ಲಿಕ್ಕಿಲ್ಲ ಅಂತ ನಾನು ಹೇಳಿದ್ನಾ? ಆಚೆ ದಡ ನೋಡ್ಲಿಲ್ಲ, ಗೊತ್ತಿಲ್ಲ ಅಂತಲೂ ಹೇಳಿದ್ದೆ. ಆ ಗೊತ್ತಿಲ್ಲದ ಜಾಗದಿಂದಲೇ ಬಂದದ್ದು ಈ ಮಾಲು! ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು, ಬೆರಳಿಟ್ಟು ತೋರಿಸಿ.”

ಸಾಹುಕಾರರು ಬೀಜವನ್ನು ಗೋಣಿಗೆ ಸುರಿದು ಕೈ ಕೊಡವಿಕೊಂಡರು. ತಪ್ಪಾಯಿತು ಎಂಬ ಒಂದು ಮಾತು ಆಗ ಬಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅದು ಗಂಟಲಿನಿಂದ ಮೇಲೆ ಬರಲಿಲ್ಲ.

“ಆದ್ರೂ,” ಅಂದರು, “ಬೋಜ ಉಂಟು ಅಂದಿದ್ದ. ಉಂಟಾಯ್ತಲ್ಲ.”

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೇ ಮರ ಕಡಿಯುವ ಕೆಲಸ ಕೊಡುವ ಜನ ಇದ್ದಾರೆ. ಗಾಡಿ ಮಾಲು ಹೇರಿಕೊಂಡು ಪುತ್ತೂರಿಗೆ ಬಂದಾಗ ಸಾಹುಕಾರರು ಜಗಲಿಯಲ್ಲಿ ನಿಂತು ಮಾಡಿದ್ದೂ ಅದನ್ನೇ. ಬೋಜನ ಬೆನ್ನು ತಟ್ಟಿ, “ನಿನ್ನ ಮಾತು ನಿಜ ಆಯ್ತು ನೋಡು,” ಅಂದರು. ಮೂಸಕುಂಞಿ ಹೋಗಿದ್ದ, ಅವನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಭಾನುವಾರ ನಕ್ಕವರೇ ಈಗಲೂ ಅಲ್ಲಿದ್ದರು. ಅವರ ಕಣ್ಣಿಗೆ ಕಂಡದ್ದು ಇಷ್ಟೇ: ಬೋಜ ಉಂಟು ಅಂದ, ಮಾಲು ಬಂತು. ಮೂಸ ಇಲ್ಲ ಅಂದ, ಮೂಸ ಸುಳ್ಳ.

ಮೂಸಕುಂಞಿ ಹೊತ್ತಿದ್ದ ಗೋಣಿಯನ್ನು ದೊಪ್ಪನೆ ಕೆಳಗೆ ಹಾಕಿದ.

“ಬೋಜ, ನೀನು ದೇವದಾಸಣ್ಣನ ಕೊಟ್ಟಿಗೆ ನೋಡಿದ್ಯಾ?”

ಬೋಜ ಸಾಹುಕಾರರ ಮುಖ ನೋಡಿದ.

“ಅಲ್ಲಿ ನೋಡ್ಬೇಡ, ಇಲ್ಲಿ ನೋಡು. ಎಲ್ಲಿವರೆಗೆ ಹೋಗಿದ್ದಿ ನೀನು?”

“ಉಪ್ಪಿನಂಗಡಿವರೆಗೆ,” ಅಂದ ಬೋಜ, ಸಣ್ಣ ಸ್ವರದಲ್ಲಿ. “ಅಲ್ಲಿ ಹೋಟ್ಲಲ್ಲಿ ಚಾ ಕುಡಿವಾಗ ಆ ಕಡೆಯವರು ಒಬ್ಬರು ಹೇಳಿದ್ರು, ಈ ಸಲ ಬೀಜ ಒಳ್ಳೇದುಂಟು ಅಂತ. ಎತ್ತಿನ ಕಾಲು ಸರಿ ಇರ್ಲಿಲ್ಲ ಮಾರಾಯ. ಧಣಿಗಳಿಗೆ ಬೇಜಾರಾಗುದು ಬೇಡ ಅಂತ…”

ಆ ಮಾತು! ಮೂವತ್ತು ವರ್ಷದ ಹಿಂದೆ ತಾಯಿಯ ಹೆಣದ ಮುಂದೆ ನಿಂತು ನೆರೆಯವನು ಹೇಳಿದ ಅದೇ ಮಾತು. “ಬೇಜಾರಾಗುದು ಬೇಡ ಅಂತಲೇ ಈ ಊರಲ್ಲಿ ಜನ ಸಾಯುದು!” ಎಂದು ಮೂಸಕುಂಞಿ ಅರಚಿದ. “ಸಾವ್ಕಾರ್ರೆ, ಇವ ನೋಡದೆ ಉಂಟು ಅಂದ, ನಾನು ನೋಡಿ ಇಲ್ಲ ಅಂದೆ. ನಿಮಗೆ ಇವನೇ ಸಾಕಾ?”

“ನನ್ನ ಜಗಲಿಯಲ್ಲಿ ನಿಂತು ನನಗೇ ಜೋರು ಮಾಡ್ತೀಯಾ?” ಸಾಹುಕಾರರ ಮೀಸೆ ಕುಣಿಯಿತು. “ನಾಳೆಯಿಂದ ಈ ಕಡೆ ಗಾಡಿ ತರ್ಬೇಡ.”

ಹಾಗಾಗಿ ಮೂಸಕುಂಞಿಯ ಗಾಡಿ ಮನೆಯ ಅಂಗಳದಲ್ಲಿ ನಿಂತಿತು. ಅವನು ಹೆದರಿದ್ದೇ ಆಯಿತು, ಪೇಟೆಯಲ್ಲಿ ಬೇರೆ ಅಂಗಡಿಯವರೂ ಅವನನ್ನು ಕರೆಯಲಿಲ್ಲ. “ಮೊಯ್ದಿನಬ್ಬರೇ ಬಿಟ್ಟವ, ಹೋಗದೆ ಹೋದೆ ಅಂತಾನಂತೆ,” ಎಂದರು. ಮಳೆಗಾಲ ಪೂರ್ತಿ ಅವನು ಅವರಿವರ ಗದ್ದೆಗೆ ಗೊಬ್ಬರ ಹೊತ್ತ, ಸೌದೆ ಸಾಗಿಸಿದ. “ಒಂದು ಸಲ ಹೋಗಿ ಅವರ ಹತ್ರ ನಯವಾಗಿ ಮಾತಾಡಿ,” ಎಂದಳು ಮೈಮೂನಮ್ಮ. “ಎಂತ ಮಾತಾಡುದು? ಶನಿವಾರ ಅಲ್ಲಿ ಮಾಲು ಇತ್ತು, ನಾನೇ ನೋಡ್ಲಿಲ್ಲ ಅಂತ ಹೇಳುದಾ?” ಎಂದು ಅವಳ ಮೇಲೂ ರೇಗಿದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮನೆಯಲ್ಲಿ ಗಂಜಿ ದಿನದಿಂದ ದಿನಕ್ಕೆ ತೆಳ್ಳಗಾಗುತ್ತ ಹೋಯಿತು, ಅದೂ ಅವನಿಗೆ ಕಾಣುತ್ತಿತ್ತು.

ಇತ್ತ ಅಂಗಡಿಯಲ್ಲಿ ಬೋಜನ ಬಾಯಿಯೇ ಬಾಯಿ. ಮಳೆ ಬಿಟ್ಟು, ಮೆಣಸಿನ ಕೊಯ್ಲೂ ಮುಗಿದ ಮೇಲೆ, ಕಡಬದ ಕಡೆ ಕಾಳುಮೆಣಸು ರಾಶಿ ಬಿದ್ದಿದೆ ಎಂದ. ಸಾಹುಕಾರರು ಮಂಗಳೂರಿನ ವ್ಯಾಪಾರಿಗೆ ಮಾತು ಕೊಟ್ಟು, ಬಾಡಿಗೆಗೆ ಲಾರಿಯನ್ನೇ ಹಿಡಿದು ಕಳುಹಿಸಿದರು. ಲಾರಿ ಖಾಲಿ ಬಂತು. ‘ಒಣಗ್ಲಿಕ್ಕೆ ಉಂಟು, ಸಿಗ್ತದೆ’ ಎಂದ ಬೋಜ. ಮತ್ತೆ ಲಾರಿ ಹೋಯಿತು, ಮತ್ತೆ ಖಾಲಿ ಬಂತು. ಮೆಣಸು ಮೊದಲೇ ಬೇರೆಯವರ ಪಾಲಾಗಿತ್ತೋ, ಆ ವರ್ಷ ಬಳ್ಳಿಯಲ್ಲಿ ಹಿಡಿದೇ ಇರಲಿಲ್ಲವೋ, ಹೇಳಲು ಒಬ್ಬನಿಗೂ ಗೊತ್ತಿರಲಿಲ್ಲ, ಯಾಕೆಂದರೆ ಒಬ್ಬನೂ ಹೋಗಿ ನೋಡಿರಲಿಲ್ಲ. ಮಂಗಳೂರಿನ ವ್ಯಾಪಾರಿ ಪೇಟೆಗೇ ಬಂದು, ಜಗಲಿಯಲ್ಲಿ ಎಲ್ಲರೆದುರು ಸಾಹುಕಾರರಿಗೆ, “ನಿಮ್ಮ ಮಾತಿಗೆ ಬೆಲೆ ಇಲ್ಲ,” ಎಂದು ಹೇಳಿ ಹೋದ. ಆ ರಾತ್ರಿ ಸಾಹುಕಾರರು ಉಣ್ಣಲಿಲ್ಲವಂತೆ. ಉಣ್ಣದಿರಲಿ. ಮೂಸಕುಂಞಿಯ ಮನೆಯಲ್ಲಿ ಎಷ್ಟು ಜನ ಎಷ್ಟು ದಿನ ಅರೆಹೊಟ್ಟೆ ಮಲಗಿದರೆಂದು ಯಾರು ಕೇಳಿದರು?

ಮರುದಿನ ಮಧ್ಯಾಹ್ನ ಸಾಹುಕಾರರು ಕೊಡೆ ಹಿಡಿದುಕೊಂಡು ಮೂಸಕುಂಞಿಯ ಮನೆಗೆ ಬಂದರು. ಮೈಮೂನಮ್ಮ ಚಾಪೆ ಹಾಸಿ ಒಳಗೆ ಹೋದಳು. ಮೂಸಕುಂಞಿ ಎತ್ತಿನ ಮೈ ತಿಕ್ಕುತ್ತಿದ್ದವನು ಕೈ ನಿಲ್ಲಿಸಲಿಲ್ಲ.

“ಕಡಬಕ್ಕೆ ಹೋಗಿ ಬರ್ಬೇಕು ಮೂಸ,” ಎಂದರು ಸಾಹುಕಾರರು. “ಅಲ್ಲಿ ಎಂತ ಉಂಟು, ಎಂತ ಇಲ್ಲ, ನನಗೆ ಒಂದೂ ಗೊತ್ತಾಗುದಿಲ್ಲ. ನೀನು ನೋಡಿ ಹೇಳು.”

“ಆ ಶನಿವಾರ ನಾನು ಇಚಿಲಂಪಾಡಿಗೆ ಹೋಗಿದ್ನಾ ಇಲ್ವಾ?”

“ಹೋಗಿದ್ದಿ. ನನಗೆ ಅವತ್ತೇ ಗೊತ್ತಾಗಿದೆಯಲ್ಲ.”

“ನಿಮಗೆ ಗೊತ್ತಾದ್ರೆ ನನಗೆ ಎಂತ ಬಂತು?” ಮೂಸಕುಂಞಿ ಈಗ ತಿರುಗಿ ನಿಂತ. “ನೀವು ನನಗೆ ಸುಳ್ಳ ಅಂದದ್ದು ಇಲ್ಲಿ ನನ್ನ ಹಟ್ಟಿಯಲ್ಲಿ ಅಲ್ಲ. ಜಗಲಿಯಲ್ಲಿ, ಜನ ನಗುವಾಗ, ಬೋಣಿಗೆ ಮೊದ್ಲು. ಅಲ್ಲೇ ಹೇಳಿ. ಅದೇ ಹೊತ್ತಿಗೆ ಹೇಳಿ. ಇಲ್ಲದಿದ್ರೆ ಬೋಜನನ್ನು ಕಳಿಸಿ, ಅವ ಉಂಟು ಅಂತ ಹೇಳ್ತಾನೆ.”

ಸಾಹುಕಾರರ ಮುಖ ಕಪ್ಪಾಯಿತು. ಕೊಡೆ ಎತ್ತಿಕೊಂಡು ಹೊರಟುಹೋದರು. ಮೈಮೂನಮ್ಮ ಬಾಗಿಲ ಸಂದಿಯಿಂದ ನೋಡಿ ತಲೆಗೆ ಕೈ ಹೊತ್ತಳು.

ಮರುದಿನ ಬೆಳಿಗ್ಗೆ ಅವನು ಎತ್ತು ಕಟ್ಟಿ ಬರಿಗಾಡಿಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಜಗಲಿ ಹತ್ತಲಿಲ್ಲ, ಬೀದಿಯಲ್ಲೇ ನಿಂತ. ಒಳಗೆ ಐದಾರು ಜನ, ಬೋಜ ಕಂಬದ ಮರೆಯಲ್ಲಿ. ಸಾಹುಕಾರರು ಆಗಷ್ಟೇ ಬಾಗಿಲ ಹಲಗೆ ತೆಗೆದು ಕೂತಿದ್ದರು. ಮೂಸಕುಂಞಿಯನ್ನು ನೋಡಿದರು, ಜನರನ್ನು ನೋಡಿದರು, ಬರಿದಾಗಿದ್ದ ತಕ್ಕಡಿ ನೋಡಿದರು. ಎದ್ದು ಜಗಲಿಯ ಅಂಚಿಗೆ ಬಂದರು.

“ಎಲ್ಲರೂ ಕೇಳಿ,” ಎಂದರು. ಸ್ವರ ಒಡೆದಿತ್ತು, ಸಿಟ್ಟಿನಿಂದಲೋ ನಾಚಿಕೆಯಿಂದಲೋ ಹೇಳುವುದು ಕಷ್ಟ. “ಆ ಶನಿವಾರ ಬೆಳಿಗ್ಗೆ ಮೂಸ ಇಚಿಲಂಪಾಡಿಗೆ ಹೋಗಿದ್ದ. ದೇವದಾಸನ ಕೊಟ್ಟಿಗೆ ಒಳಗೆ ಹೊಕ್ಕು ನೋಡಿದ್ದ. ಅವತ್ತು ಅಲ್ಲಿ ಮಾಲು ಇರ್ಲಿಲ್ಲ. ಖಾಲಿ ಇತ್ತು.”

ಯಾರೂ ನಗಲಿಲ್ಲ. ಮೂಸಕುಂಞಿ ಜೋರಾಗಿ ಕೆಮ್ಮಿ, ಗಾಡಿಯ ಮೇಲೆ ಹತ್ತಿ ಕೂತ.

“ಕಡಬದಲ್ಲಿ ಯಾರ ಮನೆಗೆ ಹೋಗ್ಬೇಕು?” ಎಂದು ಕೇಳಿದ. “ಸರಿಯಾಗಿ ಹೇಳಿ, ಹೊತ್ತಾಗ್ತದೆ.”